ಡೊಮೇನ್ ಖಾಲಿ ಇದೆ ಎಂದ ಮಾತ್ರಕ್ಕೆ ಹೆಸರು ನಿಮ್ಮದಾಗುವುದಿಲ್ಲ: ಮನೆ ಉದ್ಯಮ ನಡೆಸುವವರಿಗೆ ಒಂದು ಎಚ್ಚರಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಲ್ಲೇ ಉಪ್ಪಿನಕಾಯಿ, ತೊಡದೇವು, ಜೋನಿಬೆಲ್ಲ, ಮುರುಗಲು ಸಿರಪ್ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಹೊರಟಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಹೆಸರಿಡಿ. ವಿಶೇಷವಾಗಿ, ‘ಹೆಸರು, ವೆಬ್‌ಸೈಟ್, ಲೋಗೋ ಎಲ್ಲ ನಾವೇ ನೋಡಿಕೊಳ್ಳುತ್ತೇವೆ’ ಎಂದು ಒಂದೇ ಪ್ಯಾಕೇಜಿನಲ್ಲಿ ಮಾಡಿಕೊಡುವವರ ಕೈಗೆ ಹಣ ಕೊಡುವ ಮುನ್ನ ಓದಿ. ಆ ಪ್ಯಾಕೇಜಿಗೆ ನಾನು ಕೊಟ್ಟದ್ದು 18,000 ರೂಪಾಯಿ. ಹಣ ಹೋದದ್ದಕ್ಕಿಂತ, ಮುದ್ರಿಸಿದ ಲೇಬಲ್‌ಗಳನ್ನೆಲ್ಲ ಒಳಗಿಟ್ಟು ಅಂಗಡಿಯವರಿಗೆ ಕಾರಣ ಹೇಳುತ್ತ ತಿರುಗಿದ್ದೇ ಹೆಚ್ಚು ನಾಚಿಕೆಯಾಯಿತು.

ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ. ಹೆಸರು ಹೇಗಿರಬೇಕು ಎಂದು ಕೇಳಿದಾಗ ಪ್ಯಾಕೇಜಿನವರು ಕೊಟ್ಟ ಸೂತ್ರ ಬಹಳ ಸರಳವಾಗಿತ್ತು: ಪ್ರದೇಶದ ಹೆಸರು, ಅದರ ಪಕ್ಕಕ್ಕೆ ವಸ್ತುವಿನ ಹೆಸರು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ವ್ಯವಹಾರ ಇನ್ನೂ ಮುಗಿದಿಲ್ಲ. ಅರ್ಥವಾಗಲೆಂದು ‘ಮಲೆನಾಡು ಮಿಡಿ’ ಎಂದಿಟ್ಟುಕೊಳ್ಳಿ. “ಜನ ಇದನ್ನೇ ಸರ್ಚ್ ಮಾಡ್ತಾರೆ ಸರ್, ಹೆಸರಲ್ಲೇ ಕೀವರ್ಡ್ ಇದ್ರೆ ಗೂಗಲ್ ನಿಮ್ಮನ್ನೇ ಮೇಲೆ ತೋರಿಸುತ್ತೆ” ಎಂದರು. ಅಲ್ಲೇ ಲ್ಯಾಪ್‌ಟಾಪ್ ತೆರೆದು `.in` ವಿಳಾಸ ಖಾಲಿ ಇರುವುದನ್ನು ತೋರಿಸಿ, “ನೋಡಿ, ಡೊಮೇನ್ ಸಿಗ್ತಾ ಇದೆ ಅಂದ್ರೆ ಹೆಸರು ಯಾರದ್ದೂ ಅಲ್ಲ” ಎಂದರು. ಈ ಎರಡೂ ಮಾತುಗಳು ಸುಳ್ಳು. ಮೊದಲನೆಯದು ಹಳೆಯ ಸುಳ್ಳು: ಹುಡುಕುವ ಪದವನ್ನೇ ವಿಳಾಸವಾಗಿ ಇಟ್ಟುಕೊಂಡ ಕಳಪೆ ಜಾಲತಾಣಗಳಿಗೆ ಸಿಗುತ್ತಿದ್ದ ಅನುಕೂಲವನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲೇ ಕಡಿಮೆ ಮಾಡಿತು. ಎರಡನೆಯ ಸುಳ್ಳಿಗೇ ನಾನು ಈಗ ವಕೀಲರ ಬಾಗಿಲಿಗೆ ಅಲೆಯುತ್ತಿರುವುದು.

ವೆಬ್‌ಸೈಟ್ ಸಿದ್ಧವಾದ ದಿನ ಅವರು ತಮ್ಮ ಮೊಬೈಲಿನಲ್ಲಿ ನಮ್ಮ ಪೂರ್ತಿ ಹೆಸರನ್ನು, ನಮ್ಮದೇ ಸ್ಪೆಲ್ಲಿಂಗಿನಲ್ಲಿ, ಶಿರಸಿಯಲ್ಲೇ ಕುಳಿತು ಟೈಪ್ ಮಾಡಿ, ಎಲ್ಲಕ್ಕಿಂತ ಮೇಲೆ ನಾವೇ ಬಂದದ್ದನ್ನು ತೋರಿಸಿದರು. ಮನೆಯವರೆಲ್ಲ ಬಗ್ಗಿ ನೋಡಿದೆವು. ಈಗ ನೆನೆದರೆ ಮೈ ಉರಿಯುತ್ತದೆ. ಆ ಜಾಲತಾಣವನ್ನು ದಿನವಿಡೀ ತೆರೆಯುತ್ತಿದ್ದ ಮೊಬೈಲಿನಲ್ಲಿ, ಅದರ ಅಕ್ಷರ ಅಕ್ಷರವನ್ನೂ ಬರೆದು ಹುಡುಕಿದರೆ ಅದು ಬರದೆ ಇನ್ನೇನು ಬರಬೇಕು? ಫಲಿತಾಂಶ ಹುಡುಕುವವರ ಊರಿನ ಮೇಲೆ, ಅವರು ಹಿಂದೆ ನೋಡಿದ್ದರ ಮೇಲೆ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನಿಜ ಹೊರಬಿದ್ದದ್ದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗಳ ಫೋನಿನಿಂದ. “ಅಣ್ಣಾ, ಈ ಸಲ ಉಪ್ಪಿನಕಾಯಿಗೆ ವಿನೆಗರ್ ಹಾಕಿದ್ರಾ?” ಎಂದು ಕೇಳಿದಳು. ನಾವು ಮಿಡಿಯನ್ನು ಉಪ್ಪಿನಲ್ಲಿ ಚಿರುಟುವವರೆಗೆ ಇಟ್ಟು, ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ ಮೆಣಸಿನ ಖಾರ ಕಲಸುವವರು. ವಿನೆಗರ್ ಬಾಟಲಿ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವಳು ಕಳುಹಿಸಿದ ಚಿತ್ರದಲ್ಲಿದ್ದ ಬಾಟಲಿ ನಮ್ಮದಾಗಿರಲಿಲ್ಲ. ನಾನು ಫೋನಿನಲ್ಲಿ ಹೇಳಿದ ಹೆಸರನ್ನು ಅವಳು `malnad midi` ಎಂದು ಬರೆದಿದ್ದಳು, ನಮ್ಮ ವಿಳಾಸದಲ್ಲಿದ್ದದ್ದು `malenadu`. ಮೊದಲು ಬಂದದ್ದು ಹೆಚ್ಚುಕಡಿಮೆ ಅದೇ ಹೆಸರಿನ, ನಮಗಿಂತ ಹಲವು ವರ್ಷ ಹಳೆಯ ಬೇರೊಂದು ಕಂಪನಿಯ `.com` ಜಾಲತಾಣ. ಅವಳು ನಮ್ಮದೇ ಎಂದು ನಂಬಿ ಹಣ ಕಟ್ಟಿದ್ದಾಳೆ. ಅವಳಂತೆ ಇನ್ನೆಷ್ಟು ಮಂದಿ ಕಟ್ಟಿದರೋ ದೇವರೇ ಬಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕನ್ನಡದ ಹೆಸರಿಡುವವರೆಲ್ಲ ಬೀಳುವ ಹೊಂಡ ಇದು. ಕನ್ನಡ ಪದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸ್ಪೆಲ್ಲಿಂಗ್ ಎಂಬುದಿಲ್ಲ. ಮಲೆನಾಡನ್ನು `malenadu`, `malnad`, `malenad`, `malanadu` ಎಂದು ಬರೆಯುವವರಿದ್ದಾರೆ. ತೊಡದೇವು ಎಂದರೆ `t` ಹಾಕುವವರು ಕೆಲವರು, `th` ಹಾಕುವವರು ಕೆಲವರು. ಕೊನೆಯ ಉಕಾರವನ್ನು ಬಿಡುವವರು, ಒತ್ತಕ್ಷರಕ್ಕೆ ಒಂದೇ ಅಕ್ಷರ ಹಾಕಿ ಮುಗಿಸುವವರು, ದೀರ್ಘಕ್ಕೆ ಎರಡು ಅಕ್ಷರ ಬರೆಯುವವರು, ಎಲ್ಲರೂ ನಮ್ಮ ಗಿರಾಕಿಗಳೇ. ಎರಡು ಪದದ ಹೆಸರಾದರೆ ಈ ರೂಪಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಸಾಲದ್ದಕ್ಕೆ `midi` ಎಂದಷ್ಟೇ ಹುಡುಕಿದರೆ ಬರುವುದು ಮೊಣಕಾಲಿನ ಕೆಳಗಿನವರೆಗೆ ಬರುವ ಫ್ರಾಕು ಮತ್ತು ಸಂಗೀತದ ಕೀಬೋರ್ಡು. ಮಾವಿನ ಮಿಡಿಯ ಸುಳಿವೂ ಇಲ್ಲ. ಹೆಸರು ಸೂಚಿಸಿದವರು ಒಮ್ಮೆ ಅದನ್ನು ಹುಡುಕಿ ನೋಡಿದ್ದರೂ ಇದು ಕಣ್ಣಿಗೆ ಬೀಳುತ್ತಿತ್ತು.

ಪ್ಯಾಕೇಜಿನವರಿಗೆ ನಾನು ಫೋನ್ ಮಾಡಿ ಕೇಳಿದಾಗ ಬಂದ ಉತ್ತರ: “ಅದು ಬೇರೆ ಸ್ಪೆಲ್ಲಿಂಗ್ ಸರ್, ಒಂದೆರಡು ಅಕ್ಷರ ಬೇರೆ ಇದೆಯಲ್ಲ, ಏನೂ ಆಗಲ್ಲ. ಗೂಗಲ್‌ನಲ್ಲಿ ಮೇಲೆ ಬರೋಕೆ ಎಸ್‌ಇಒ ಪ್ಯಾಕೇಜ್ ತಗೊಳ್ಳಿ, ಅವರನ್ನ ಕೆಳಗೆ ಇಳಿಸಿಬಿಡೋಣ.” ಹೆಸರಿನಿಂದಾದ ತೊಂದರೆಯನ್ನು ಮತ್ತೆ ಹಣ ತೆಗೆದುಕೊಂಡು ಸರಿಪಡಿಸುತ್ತಾರಂತೆ!

ಸ್ವಲ್ಪ ದಿನದಲ್ಲಿ ಆ ಕಂಪನಿಯ ವಕೀಲರ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಟ್ರೇಡ್‌ಮಾರ್ಕ್ ನೋಂದಣಿಗೆ ಸಾಮಾನುಗಳನ್ನು ಸಂಖ್ಯೆ ಕೊಟ್ಟು ವರ್ಗಗಳಾಗಿ ವಿಂಗಡಿಸಿರುತ್ತಾರೆ; ಅವರ ಹೆಸರು 29ನೇ ವರ್ಗದಲ್ಲಿ ನೋಂದಾಯಿತ ಟ್ರೇಡ್‌ಮಾರ್ಕ್, ಉಪ್ಪಿನಕಾಯಿ ಬರುವುದು ಅದೇ ವರ್ಗದಲ್ಲಿ. ಹೆಸರು ಬಳಸುವುದನ್ನು ನಿಲ್ಲಿಸಿ, ವೆಬ್ ವಿಳಾಸವನ್ನು ಮುಚ್ಚಿ ಅಥವಾ ಒಪ್ಪಿಸಿ ಎಂದು ಅದರಲ್ಲಿತ್ತು. ‘ಒಂದೆರಡು ಅಕ್ಷರ ಬೇರೆ’ ಎಂಬ ವಾದವನ್ನು ನಾನು ಶಿರಸಿಯ ನಮ್ಮ ವಕೀಲರ ಮುಂದೆ ಇಟ್ಟೆ. ಅವರು ನಕ್ಕು, 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸತ್ಯಂ ಇನ್ಫೋವೇ ಪ್ರಕರಣವನ್ನು ಹೇಳಿದರು: ‘ಸಿಫಿ’ ಎಂಬ ಹೆಸರನ್ನು ಮೊದಲು ಬಳಸಿದವರಿಗೂ, ಅದಕ್ಕೆ ಒಂದು `f` ಹೆಚ್ಚಿಗೆ ಸೇರಿಸಿ ವಿಳಾಸ ಮಾಡಿಕೊಂಡವರಿಗೂ ನಡೆದ ಜಗಳ ಅದು. ವೆಬ್ ವಿಳಾಸವೂ ವ್ಯಾಪಾರದ ಗುರುತೇ, ಹೋಲುವ ವಿಳಾಸದಿಂದ ಗಿರಾಕಿ ದಾರಿತಪ್ಪಿದರೆ ಮೊದಲಿನವರಿಗೆ ರಕ್ಷಣೆ ಉಂಟು ಎಂದು ನ್ಯಾಯಾಲಯ ಹೇಳಿತು. ಕಿವಿಗೆ ಹೇಗೆ ಕೇಳುತ್ತದೆ, ಅರೆಬರೆ ನೆನಪಿರುವ ಗಿರಾಕಿಗೆ ಗೊಂದಲವಾಗುತ್ತದೆಯೇ ಎಂಬುದನ್ನು ನೋಡುತ್ತಾರೆಯೇ ಹೊರತು ಅಕ್ಷರ ಎಣಿಸುವುದಿಲ್ಲ. ನಮ್ಮ ವಿಷಯದಲ್ಲಿ ಗೊಂದಲಕ್ಕೆ ಸಾಕ್ಷಿ ನನ್ನ ತಂಗಿಯೇ.

ಪ್ರದೇಶದ ಹೆಸರು, ವಸ್ತುವಿನ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅದು ಸರಿಯೇ. ವಸ್ತುವನ್ನು, ಅದು ಬಂದ ಊರನ್ನು ಬರಿದೇ ವರ್ಣಿಸುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಕೊಡುವುದಿಲ್ಲ ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ಹೇಳುತ್ತದೆ; ಇಡೀ ಗುರುತು ನೋಂದಣಿಯಾದರೂ ಅದರೊಳಗಿನ ಬಿಡಿ ಪದದ ಮೇಲೆ ಅಷ್ಟರಿಂದಲೇ ಏಕಸ್ವಾಮ್ಯ ಬರುವುದಿಲ್ಲ. ಆ ಎಳೆ ಹಿಡಿದು ವಾದಿಸಬಹುದು. ಆದರೆ ಬಾಟಲಿ ಉಪ್ಪಿನಕಾಯಿ ಮಾರುವವನು ಎಷ್ಟು ವರ್ಷ ವಾದಿಸಬೇಕು? ಅವರು ನಮಗಿಂತ ಮೊದಲಿನವರು, ಸಾಮಾನು ಒಂದೇ, ಇಡೀ ಹೆಸರಿನ ಧ್ವನಿ ಒಂದೇ. ಕಡೆಗೆ ನಮಗೆ ಸಿಕ್ಕಿದ್ದು, ನಮ್ಮದೆಂದು ನೋಂದಾಯಿಸಿಕೊಳ್ಳಲಾರದಷ್ಟು ಸಾಮಾನ್ಯವಾದ, ಆದರೂ ಇನ್ನೊಬ್ಬರು ನೋಟಿಸ್ ಕಳುಹಿಸುವಷ್ಟು ಹತ್ತಿರದ ಹೆಸರು.

ಹೆಸರು ಬಿಡುವುದೆಂದು ತೀರ್ಮಾನಿಸಿ, ವಿಳಾಸ ಮುಚ್ಚಲು ಹೋದಾಗ ಇನ್ನೊಂದು ಗುಟ್ಟು ರಟ್ಟಾಯಿತು. ಡೊಮೇನ್ ನಮ್ಮ ಹೆಸರಿನಲ್ಲಿ ಇರಲೇ ಇಲ್ಲ. “ಅದು ನಮ್ಮ ಅಕೌಂಟ್‌ನಲ್ಲಿದೆ ಸರ್, ಎಲ್ಲ ಕ್ಲೈಂಟ್‌ಗೂ ಹಾಗೇ ಮಾಡೋದು. ನಿಮಗೆ ವರ್ಗಾಯಿಸೋದಕ್ಕೆ ಬೇರೆ ಚಾರ್ಜ್ ಆಗುತ್ತೆ” ಎಂದರು ಪ್ಯಾಕೇಜಿನವರು. ಪ್ಯಾಕೇಜಿನ ರಸೀದಿಯಲ್ಲಿ ‘ಡೊಮೇನ್ ಸೇರಿ’ ಎಂದು ಬರೆದಿದೆ, ಯಾರ ಹೆಸರಿಗೆ ಎಂದು ಬರೆದಿಲ್ಲ. ವಿಳಾಸವನ್ನು ಅದನ್ನು ಮಾರಿದ ಕಂಪನಿಯಿಂದ, ಅಂದರೆ ರಿಜಿಸ್ಟ್ರಾರ್‌ನಿಂದ, ಬೇರೆಡೆಗೆ ಒಯ್ಯಲು ವರ್ಗಾವಣೆ ಕೋಡ್ ಬೇಕು, ಅದು ಸಿಗುವುದು ಖಾತೆ ಯಾರದೋ ಅವರಿಗೆ. ಅಂದರೆ ನೋಟಿಸ್ ಬಂದಿರುವುದು ನನಗೆ, ಮುಚ್ಚುವ ಬೀಗದ ಕೈ ಇರುವುದು ಅವರ ಬಳಿ. ನೋಟಿಸಿನ ಪ್ರತಿಯನ್ನು ಕಳುಹಿಸಿದ ಮೇಲಂತೂ, “ಲೀಗಲ್ ಮ್ಯಾಟರ್ ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಸರ್” ಎಂದರು. ಹೆಸರು ಕೊಟ್ಟವರು ಇವರೇ!

ಹೆಸರಿಡುವ ಮುನ್ನ ಮಾಡಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ, ಖರ್ಚಿಲ್ಲದ್ದು. `ipindia.gov.in` ತಾಣದಲ್ಲಿ ಟ್ರೇಡ್‌ಮಾರ್ಕ್‌ಗಳ ಸಾರ್ವಜನಿಕ ಹುಡುಕಾಟ ಇದೆ. ಅಲ್ಲಿ ವರ್ಗದ ಸಂಖ್ಯೆ ಹಾಕಬೇಕು: ಉಪ್ಪಿನಕಾಯಿಗೆ 29, ಬೆಲ್ಲ ಮತ್ತು ಜೇನಿಗೆ 30, ಮುರುಗಲು ಸಿರಪ್ಪಿಗೆ 32. `Wordmark` ಎಂಬಲ್ಲಿ `Contains` ಆಯ್ದು ಹೆಸರಿನ ಒಂದೊಂದು ಪದವನ್ನೂ ಹುಡುಕಿ, ಆಮೇಲೆ ಕಡ್ಡಾಯವಾಗಿ `Phonetic` ಆಯ್ದು ಹುಡುಕಿ, ಏಕೆಂದರೆ ಸ್ಪೆಲ್ಲಿಂಗ್ ಬೇರೆಯಿದ್ದು ಉಚ್ಚಾರ ಒಂದೇ ಆಗಿರುವ ಹೆಸರುಗಳು ಸಿಗುವುದು ಅಲ್ಲೇ. ನಮ್ಮ ಹಳೆಯ ಹೆಸರನ್ನು ಹಾಗೆ ಹುಡುಕಿದಾಗ ಆ ಕಂಪನಿಯ ಹೆಸರು ನನಗೆ ಕೂಡಲೇ ಸಿಕ್ಕಿತು. ಪ್ಯಾಕೇಜಿನವರಿಗೆ ಸಿಗದೇ ಹೋದದ್ದಲ್ಲ, ಅವರು ನೋಡಲೇ ಇಲ್ಲ. ನೋಂದಣಿ ಮಾಡದೆಯೇ ವರ್ಷಗಟ್ಟಲೆ ಹೆಸರು ಬಳಸುತ್ತಿರುವವರಿಗೂ ಹಕ್ಕಿರುತ್ತದೆ, ಅವರು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಗೂಗಲ್ ಮ್ಯಾಪ್, ಇನ್‌ಸ್ಟಾಗ್ರಾಂ, ಮಾರಾಟದ ತಾಣಗಳಲ್ಲೂ ನೋಡಬೇಕು. ಉದ್ಯಮ್ ನೋಂದಣಿಯಾಗಲಿ, ಎಫ್‌ಎಸ್‌ಎಸ್‌ಎಐ ಸಂಖ್ಯೆಯಾಗಲಿ ಹೆಸರಿನ ಹಕ್ಕು ಕೊಡುವುದಿಲ್ಲ.

ಹೊಸ ಹೆಸರನ್ನು ನಾವು ಬೇರೆ ರೀತಿಯಲ್ಲಿ ಆರಿಸಿದೆವು. ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಹೊರ ಊರಿನ ಐವರು ನೆಂಟರಿಗೆ ಇಂಗ್ಲಿಷಿನಲ್ಲಿ ಬರೆದು ಕಳುಹಿಸಲು ಹೇಳಿದೆ. ಐವರೂ ಒಂದೇ ತೆರನಾಗಿ ಬರೆದ ಹೆಸರನ್ನಷ್ಟೇ ಉಳಿಸಿಕೊಂಡೆವು. ಅದು ಮನೆತನದ ಹಳೆಯ ಹೆಸರಿನ ತುಂಡು, ದೀರ್ಘವಿಲ್ಲ, ಒತ್ತಿಲ್ಲ, ಉಪ್ಪಿನಕಾಯಿಯ ವಾಸನೆಯೂ ಇಲ್ಲ. ಅಪ್ಪೆಮಿಡಿ ಎಂಬ ಪದವನ್ನು ವೆಬ್‌ಸೈಟಿನ ಪುಟದ ಶೀರ್ಷಿಕೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರೆ ಹುಡುಕುವವರಿಗೆ ಸಾಕು. `.in`, `.com` ಎರಡನ್ನೂ ನನ್ನ ಹೆಸರಿನ ಖಾತೆಯಲ್ಲಿ, ನನ್ನ ಇಮೇಲಿನಿಂದ ನಾನೇ ಕೊಂಡೆ. ಟ್ರೇಡ್‌ಮಾರ್ಕ್ ಅರ್ಜಿಗೆ ಆನ್‌ಲೈನಿನಲ್ಲಿ ವ್ಯಕ್ತಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. 29ಕ್ಕೆ ಮಾತ್ರ ಹಾಕಿದ್ದೇನೆ.

ಹಳೆಯ ವಿಳಾಸ ಇನ್ನೂ ಅವರ ಖಾತೆಯಲ್ಲೇ ಇದೆ. ಮುಚ್ಚಿ ಎಂದು ಬರವಣಿಗೆಯಲ್ಲಿ ಕೇಳಿದ್ದಕ್ಕೆ, ನವೀಕರಣದ ಹಣ ಕಟ್ಟದಿದ್ದರೆ ಅದಾಗಿಯೇ ಹೋಗುತ್ತದೆ ಎಂಬ ಉತ್ತರ ವಾಟ್ಸಾಪಿನಲ್ಲಿ ಬಂದಿದೆ, ಜೊತೆಗೆ ಆ ನವೀಕರಣದ ಬಿಲ್ಲೂ ಬಂದಿದೆ. ಎರಡನ್ನೂ ಮುದ್ರಿಸಿ ವಕೀಲರಿಗೆ ಕೊಟ್ಟಿದ್ದೇನೆ.