ನಾಲ್ಕಂಕಿ ಗಡಿಯಾರದ ಕಿಟ್: ಬಹುಕಾಲ ಬಳಸಿದ ಮೇಲೆ ಅದರ ಬಿಡಿಭಾಗಗಳ ಪಟ್ಟಿಯ ಬಗ್ಗೆ

ಈ ಕಿಟ್ ಜೋಡಿಸಿ ಕೆಲವು ವರ್ಷಗಳಾದವು. ಗಡಿಯಾರ ಈಗಲೂ ನಡೆಯುತ್ತಿದೆ. ಬೋರ್ಡ್ ಚೆನ್ನಾಗಿದೆ, ರಂಧ್ರಗಳು ಸರಿಯಾಗಿವೆ, ಹೆಸರುಗಳು ಸ್ಪಷ್ಟವಾಗಿ ಅಚ್ಚಾಗಿವೆ. ಅದರ ಬಗ್ಗೆ ಇಷ್ಟು ಸಾಕು. ಕಿಟ್ ಕೊಳ್ಳುವವರು ಹೆಚ್ಚಾಗಿ ಕೇಳದ ಒಂದು ವಿಷಯವಿದೆ. ಜೊತೆಗೆ ಬರುವ ಬಿಡಿಭಾಗಗಳ ಪಟ್ಟಿ, ಅಂದರೆ ಬಿಒಎಂ, ಎಷ್ಟು ನಂಬಿಕೆಗೆ ಅರ್ಹ? ಜೋಡಿಸುವ ದಿನ ಅದು ಬರೀ ಒಂದು ಹಾಳೆ. ರಿಪೇರಿಯ ದಿನ ಮಾತ್ರ ಅದೇ ಆಧಾರ.

ಪಟ್ಟಿಯಲ್ಲಿ ನಾಲ್ಕು ಕಾಲಂ ಇವೆ: ಬೋರ್ಡಿನ ಮೇಲಿನ ಹೆಸರು, ಸಂಖ್ಯೆ, ಹೆಚ್ಚುವರಿ, ಬದಲಿ. ಬದಲಿ ಕಾಲಂ ಕೊಡುವ ಕಿಟ್‌ಗಳು ಕಡಿಮೆ. ಅದಕ್ಕೆ ಮೊದಲೇ ಮೆಚ್ಚುಗೆ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯೋದು ಅದನ್ನೇ.

ಸಂಖ್ಯೆಯಿಂದ ಶುರು ಮಾಡೋಣ. ಕೆಪಾಸಿಟರ್‌ಗಳ ಸಾಲು ನೋಡಿ. C1, C2 ಎಂದು 22 ಪಿಕೋಫ್ಯಾರಡ್ ಎರಡು. C3ರಿಂದ C7ರವರೆಗೆ 0.1 ಮೈಕ್ರೋಫ್ಯಾರಡ್, ಸಂಖ್ಯೆ 4, ಹೆಚ್ಚುವರಿ 1. C8, C9 ಎಂದು 10 ಮೈಕ್ರೋಫ್ಯಾರಡ್ ಎರಡು. ಬೋರ್ಡಿನ ಮೇಲಿನ ಕೊನೆಯ ಹೆಸರು C9, ನಡುವೆ ಒಂದೂ ಬಿಟ್ಟಿಲ್ಲ. ಹಾಗಾದರೆ ಒಟ್ಟು ಒಂಬತ್ತು ಬೇಕು. ಸಂಖ್ಯೆ ಕಾಲಂ ಕೂಡಿಸಿದರೆ ಎಂಟೇ ಬರುತ್ತದೆ. C3ರಿಂದ C7 ಅಂದರೆ ಐದು, ನಾಲ್ಕಲ್ಲ. ಕವರಿನಲ್ಲಿ ಐದು ಇದ್ದವು, ಬೋರ್ಡ್ ಪೂರ್ತಿಯಾಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ. ಹೆಚ್ಚುವರಿ ಎಂದು ಕೊಟ್ಟದ್ದು ಎಣಿಕೆಯ ತಪ್ಪನ್ನು ಮುಚ್ಚಲು ಹೋಯಿತು, ಅಷ್ಟೇ. ಇದೇ ಪಟ್ಟಿ ನೋಡಿ ಇನ್ನೊಂದು ಗಡಿಯಾರಕ್ಕೆ ಸಾಮಾನು ತರಿಸಿ, ಹೆಚ್ಚುವರಿ ಬೇಡ ಎಂದುಕೊಂಡರೆ ಒಂದು ಜಾಗ ಖಾಲಿ ಉಳಿಯುತ್ತದೆ. ಯಾವ ಕಿಟ್ ಆದರೂ ಸೋಲ್ಡರಿಂಗ್ ಐರನ್ ಕಾಯಿಸುವ ಮುಂಚೆ ಈ ಕೂಡಿಕೆ ಮಾಡಿ ನೋಡಿ. ಹೆಚ್ಚು ಹೊತ್ತು ಹಿಡಿಯಲ್ಲ.

ಹೆಚ್ಚುವರಿ ಕಾಲಂ ನೋಡಿದರೆ ಅದನ್ನು ಬೆಲೆ ನೋಡಿ ತುಂಬಿಸಿದಂತಿದೆ. ಅಗ್ಗದ್ದು ಒಂದೆರಡು ಜಾಸ್ತಿ, ಉಳಿದದ್ದಕ್ಕೆ ಸೊನ್ನೆ. 220 ಓಮ್ ರೆಸಿಸ್ಟರ್ ಎಂಟು ಬೇಕು, ಹತ್ತು ಬಂದಿವೆ. ಒಂದು ರೆಸಿಸ್ಟರ್ ಕೈ ಜಾರಿ ಕಳೆದುಹೋಗಬಹುದು, ಕೆಡುವುದು ಅಪರೂಪ. ಆದರೆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ಗೆ ಹೆಚ್ಚುವರಿ ಇಲ್ಲ. ಆ ಸಣ್ಣ ಕೊಳವೆಯ ಕಾಲುಗಳು ಎಷ್ಟು ತೆಳು ಅಂದರೆ, ಬುಡದಲ್ಲೇ ಎರಡು ಸಲ ಬಗ್ಗಿಸಿದರೆ ಮುರಿದೇ ಹೋಗುತ್ತವೆ. ಸಮಯ ಹೊಂದಿಸುವ ಗುಂಡಿಗೂ ಹೆಚ್ಚುವರಿ ಇಲ್ಲ. ವರ್ಷಗಳ ಬಳಕೆಯಲ್ಲಿ ಮೊದಲು ಸವೆದದ್ದು ಆ ಗುಂಡಿಯೇ: ಒಮ್ಮೆ ಒತ್ತಿದರೆ ಗಂಟೆ ಎರಡು ಹೆಜ್ಜೆ ಹಾರುತ್ತಿತ್ತು. ನನ್ನ ಪ್ರಕಾರ ಎರಡು ರೆಸಿಸ್ಟರ್ ಬದಲು ಒಂದು ಕ್ರಿಸ್ಟಲ್, ಒಂದು ಗುಂಡಿ, ಒಂದು ಟ್ರಾನ್ಸಿಸ್ಟರ್ ಇಡಬೇಕಿತ್ತು.

ಟ್ರಾನ್ಸಿಸ್ಟರ್ ಅಂದೆನಲ್ಲ, ನಿಜವಾದ ತಕರಾರು ಅಲ್ಲಿದೆ. Q1ರಿಂದ Q5, BC547, ಸಂಖ್ಯೆ 5. ನಾಲ್ಕು ಅಂಕಿಗಳಿಗೆ ಒಂದೊಂದು, ಬಜರ್‌ಗೆ ಒಂದು. ಬದಲಿ ಕಾಲಂನಲ್ಲಿ ಮೂರು ಹೆಸರು: BC337, 2N3904, PN2222A. ಮೂರೂ ಎನ್‌ಪಿಎನ್, ಮೂರೂ ಅದೇ ಕಪ್ಪು ಅರ್ಧಚಂದ್ರದ ಆಕಾರ. ಆದರೆ ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ BC547ನಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. BC337ನಲ್ಲೂ ಹಾಗೇ. 2N3904 ಮತ್ತು PN2222Aಗಳಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬೋರ್ಡಿನ ಮೇಲಿನ ಚಿತ್ರ ನೋಡಿ ಹಾಕಿದರೆ ತಿರುಗುಮುರುಗು. ಇದು ಸಾಲದು ಎಂಬಂತೆ P2N2222A ಎಂಬ ಹೆಸರಿನದೂ ಇದೆ. ಅದರ ಕಾಲುಗಳ ಕ್ರಮ ಮತ್ತೆ BC547ನಂತೆ! ಒಂದು ಅಕ್ಷರ ಆಚೀಚೆ ಆದರೆ ದಿಕ್ಕೇ ಬದಲು.

ತಿರುಗಿ ಕೂತ ಟ್ರಾನ್ಸಿಸ್ಟರ್ ಪೂರ್ತಿ ಸತ್ತಿದ್ದರೆ ಹುಡುಕುವುದು ಸುಲಭ. ಅದು ಅರ್ಧಂಬರ್ಧ ಕೆಲಸ ಮಾಡುತ್ತದೆ, ಅದೇ ಕಷ್ಟ. ಲೆಕ್ಕ ಹೀಗಿದೆ. ಒಂದು ಸೆಗ್ಮೆಂಟಿಗೆ ಸುಮಾರು 11 ಮಿಲಿಆಂಪ್, ಚುಕ್ಕೆ ಸೇರಿ ಎಂಟೂ ಉರಿದರೆ ಹತ್ತಿರಹತ್ತಿರ 90. ಬೇಸ್‌ಗೆ 1 ಕಿಲೋಓಮ್ ಮೂಲಕ ಹೋಗುವುದು 4 ಮಿಲಿಆಂಪ್ ಚಿಲ್ಲರೆ. ಸರಿಯಾಗಿ ಕೂತ ಟ್ರಾನ್ಸಿಸ್ಟರ್‌ಗೆ ಅಷ್ಟು ಧಾರಾಳ ಸಾಕು. ತಿರುಗಿ ಕೂತಾಗ ಗೇನ್ ಬಹಳ ಕುಸಿಯುತ್ತದೆ, ಆಗ ಅದು ಸ್ವಲ್ಪವೇ ಕರೆಂಟ್ ಬಿಡುತ್ತದೆ. ಆ ಸ್ವಲ್ಪವನ್ನು ಉರಿಯುವ ಸೆಗ್ಮೆಂಟುಗಳು ಹಂಚಿಕೊಳ್ಳಬೇಕು. ಹಾಗಾಗಿ ಆ ಜಾಗದಲ್ಲಿ 1 ಬಂದಾಗ ತಕ್ಕಮಟ್ಟಿಗೆ ಕಾಣುತ್ತದೆ, 8 ಬಂದಾಗ ಮಂಕು. ನಿಮ್ಮ ಗಡಿಯಾರದಲ್ಲಿ ಒಂದೇ ಅಂಕಿ ಹೀಗೆ ಮಾಡಿದರೆ ಡಿಸ್‌ಪ್ಲೇ ಬದಲಾಯಿಸಲು ಹೋಗಬೇಡಿ. ಮೊದಲು ಆ ಅಂಕಿಯ ಟ್ರಾನ್ಸಿಸ್ಟರ್ ಮೇಲಿನ ಬರಹ ಓದಿ.

ಅಂದಹಾಗೆ, BC547ನ ಗರಿಷ್ಠ ಮಿತಿ 100 ಮಿಲಿಆಂಪ್. 90ರ ಹತ್ತಿರ ಓಡಿಸುವುದು ನಡೆಯುತ್ತದೆ, ಆದರೆ ಬಿಗಿ. BC337 ಇನ್ನೂ ಎಷ್ಟೋ ಜಾಸ್ತಿ ತಡೆಯುತ್ತದೆ, ಕಾಲುಗಳೂ ಅವೇ. ಅದು ಬದಲಿಯಾಗಿ ಅಲ್ಲ, ಮೊದಲ ಆಯ್ಕೆಯಾಗಿ ಇರಬೇಕಿತ್ತು.

ಕ್ರಿಸ್ಟಲ್ ಸಾಲಿನಲ್ಲಿ ಬದಲಿ: ಯಾವುದೇ 32.768 ಕಿಲೋಹರ್ಟ್ಸ್. ಅರ್ಧ ಸತ್ಯ. ಸಮಯದ ಐಸಿ DS1307ಗೆ 12.5 ಪಿಕೋಫ್ಯಾರಡ್ ಲೋಡ್‌ನ ಕ್ರಿಸ್ಟಲ್ ಬೇಕು. 6 ಪಿಕೋಫ್ಯಾರಡ್‌ನದೂ ಹೊರಗೆ ನೋಡಲು ಹಾಗೇ ಇರುತ್ತದೆ, ಅದನ್ನು ಹಾಕಿದರೆ ಗಡಿಯಾರ ನಿಧಾನವಾಗುತ್ತದೆ. ಗುರುತಿಸುವುದು ಹೀಗೆ: 20 ಪಿಪಿಎಂ ಕ್ರಿಸ್ಟಲ್ ಆಚೀಚೆಯಾದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಒಂದು ನಿಮಿಷದೊಳಗೆ. ಬಿಸಿ ಅಥವಾ ಚಳಿ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಹಿಂದೆ ಬೀಳಬಹುದು. ಆದರೆ ಸಾಮಾನ್ಯ ಕೋಣೆಯಲ್ಲಿ ಪ್ರತಿ ತಿಂಗಳೂ ಹಲವು ನಿಮಿಷ ಹಿಂದೆ ಬೀಳುತ್ತಿದ್ದರೆ ಕ್ರಿಸ್ಟಲ್‌ನ ಲೋಡ್ ಮೇಲೆ ಅನುಮಾನ ಪಡಬಹುದು.

DS1307ಗೆ ಬದಲಿ ಎಂದು ಪಟ್ಟಿ ಎರಡು ಹೆಸರು ಕೊಡುತ್ತದೆ. DS3231 ಒಳ್ಳೆಯ ಐಸಿ, ಆದರೆ ಬೋರ್ಡಿನಲ್ಲಿರುವುದು ಎಂಟು ಕಾಲಿನ ಸಾಕೆಟ್, ಅದು ಬರುವುದು ಹದಿನಾರು ಕಾಲಿನ ಚಪ್ಪಟೆ ರೂಪದಲ್ಲಿ. ಕೂರುವುದೇ ಇಲ್ಲ. ಇನ್ನೊಂದು MCP7940N. ಇದು ಸಾಕೆಟ್‌ನಲ್ಲಿ ಚೆನ್ನಾಗಿ ಕೂರುತ್ತದೆ, ಕಾಲುಗಳ ಕ್ರಮವೂ ಅದೇ. ಆದರೆ ಪ್ರೋಗ್ರಾಂ ಹುಡುಕುವ ವಿಳಾಸ `0x68`, ಇದರದ್ದು `0x6F`. ಪ್ರೋಗ್ರಾಂ ತಿದ್ದಿದರೂ ಮುಗಿಯಲಿಲ್ಲ. DS1307ನಲ್ಲಿ ಸೆಕೆಂಡಿನ ರಿಜಿಸ್ಟರಿನ ಮೇಲಿನ ಬಿಟ್ 0 ಆದರೆ ಗಡಿಯಾರ ಓಡುತ್ತದೆ, ಇದರಲ್ಲಿ ಅದೇ ಬಿಟ್ 1 ಆಗಬೇಕು. ಕ್ರಿಸ್ಟಲ್‌ನ ಪಕ್ಕಕ್ಕೆ ಹೊರಗಿನ ಎರಡು ಕೆಪಾಸಿಟರ್ ಕೂಡ ಬೇಕು, ಬೋರ್ಡಿನಲ್ಲಿ ಅವಕ್ಕೆ ಜಾಗವೇ ಇಲ್ಲ. ಇದನ್ನೆಲ್ಲ ಒಂದೇ ಖಾನೆಯಲ್ಲಿ "ಬದಲಿ" ಎಂದು ಬರೆದು ಬಿಟ್ಟರೆ ಹೇಗೆ ಹೇಳಿ?

ಐದಕ್ಕೆ ಮೂರೂವರೆ ಕೊಡುತ್ತೇನೆ. ಪಟ್ಟಿಯ ಹೊಸ ಆವೃತ್ತಿ ಬಂದಿದೆ. C3–C7 ಸಾಲಿನಲ್ಲಿ ಈಗ 5 ಎಂದಿದೆ, ಕ್ರಿಸ್ಟಲ್‌ಗೆ ಒಂದು ಹೆಚ್ಚುವರಿಯೂ ಸೇರಿದೆ. Q1–Q5 ಸಾಲು ಮಾತ್ರ ಹಳೆಯದೇ. ಹಾಗಾಗಿ ಕಿಟ್ ತರಿಸಿದವರು 2N3904 ಮತ್ತು PN2222A ಪಕ್ಕದಲ್ಲಿ "ತಿರುಗಿಸಿ ಹಾಕಿ" ಎಂದು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.