250 ಪದದ ಪ್ರಬಂಧಕ್ಕೆ ಯಾವುದು ವಾಸಿ: ಗೈಡ್, ಮರದ ಚಿತ್ರ, ಇಲ್ಲಾ ಗೆರೆ ಲೆಕ್ಕ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೆರೆ ಲೆಕ್ಕಕ್ಕೆ, ಅಂದರೆ ಯಾವ ಭಾಗಕ್ಕೆ ಎಷ್ಟು ಗೆರೆ ಎಂದು ಮೊದಲೇ ಹಂಚಿಕೊಂಡು ಬರೆಯುವುದಕ್ಕೆ. ಅದಕ್ಕೆ ಬೇಕಾಗಿರುವುದು ಒಂದು ಪೆನ್ಸಿಲ್, ಒಂದು ರಫ್ ಹಾಳೆ, ಐದು ನಿಮಿಷ. ಅಲ್ಲಿಗೆ ಬರುವ ಮುಂಚೆ ಹಾಸನದ ಅಂಗಡಿಯೊಂದರಲ್ಲಿ 280 ರೂಪಾಯಿ ಕೊಟ್ಟು ಪ್ರಬಂಧದ ಗೈಡ್ ತಂದಿದ್ದೆ. 'ಇದೇ ಸಾರ್ ಜಾಸ್ತಿ ಹೋಗೋದು' ಅಂದಿದ್ದರು ಅಂಗಡಿಯವರು. ಕೋಚಿಂಗ್ ಕ್ಲಾಸಿನಲ್ಲಿ ಮರದ ಚಿತ್ರ ಬರೆಯುವುದನ್ನೂ ಕಲಿಸಿದ್ದರು. ಮೂರನ್ನೂ ಒಂದೇ ವಿಷಯಕ್ಕೆ ಹಾಕಿ ನೋಡಿದೆ: 'ಮಲೆನಾಡಿನಲ್ಲಿ ಕಾಡಾನೆ ಹಾವಳಿ'. ಮಿತಿ 250 ಪದ, ಸಮಯ ಅರ್ಧ ಗಂಟೆ, ಬರೆಯುವುದು ಪೆನ್ನಿನಲ್ಲಿ.

ಗೈಡಿನ ಕಥೆ ಬೇಗ ಮುಗಿಯುತ್ತದೆ. ಅದರಲ್ಲಿರುವುದು ರೆಡಿಮೇಡ್ ಪೀಠಿಕೆ. 'ಇಂದಿನ ಆಧುನಿಕ ಯುಗದಲ್ಲಿ ಮಾನವನು ಎಲ್ಲಾ ಕ್ಷೇತ್ರಗಳಲ್ಲೂ ಪ್ರಗತಿ ಸಾಧಿಸಿದ್ದರೂ ಅನೇಕ ಸವಾಲುಗಳನ್ನು ಎದುರಿಸುತ್ತಿದ್ದಾನೆ' ಅನ್ನುವ ಧಾಟಿ. ತಲೆಬರಹವನ್ನು ಕೈಯಿಂದ ಮುಚ್ಚಿ ಇದನ್ನು ಓದಿ. ಆನೆಯ ಬಗ್ಗೆಯೋ, ಪ್ಲಾಸ್ಟಿಕ್ ಬಗ್ಗೆಯೋ, ಮೊಬೈಲ್ ಬಗ್ಗೆಯೋ ಗೊತ್ತಾಗುತ್ತದಾ? ಇಂಥ ಎರಡು ಮೂರು ವಾಕ್ಯ ಬರೆಯುವಷ್ಟರಲ್ಲಿ ನಲವತ್ತು ಪದ ಹೋಗಿರುತ್ತದೆ, ಆನೆ ಇನ್ನೂ ಬಂದಿರುವುದಿಲ್ಲ.

ಮರದ ಚಿತ್ರ ಇದಕ್ಕಿಂತ ಎಷ್ಟೋ ಮೇಲು. ನಡುವೆ ವಿಷಯ ಬರೆದು ಸುತ್ತು ಹಾಕಿ, ಅಲ್ಲಿಂದ ಕೊಂಬೆ ಎಳೆಯುವುದು. ಕಾರಣ, ಬೆಳೆ ನಷ್ಟ, ಸಾವು ನೋವು, ಬೇಲಿ, ಕಂದಕ, ಪರಿಹಾರ ಧನ, ಆನೆ ಎಲ್ಲಿದೆ ಎಂದು ತಿಳಿಸುವ ರೇಡಿಯೋ ಕಾಲರ್ ಹಾಕುವುದು. ಏನೂ ಹೊಳೆಯದೆ ಕೂತಾಗ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಚಿತ್ರದಲ್ಲಿ ಎಲ್ಲ ಕೊಂಬೆಯೂ ಒಂದೇ ದಪ್ಪ. ಯಾವುದು ಮೊದಲು, ಯಾವುದಕ್ಕೆ ಎಷ್ಟು ಜಾಗ ಅನ್ನುವುದು ಅದರಲ್ಲಿ ಇಲ್ಲ. ನನಗೆ ಚೆನ್ನಾಗಿ ಗೊತ್ತಿದ್ದ ಕೊಂಬೆ 'ಕಾರಣ'. ಕಾಡು ತುಂಡು ತುಂಡಾಗಿದೆ, ತೋಟದಲ್ಲಿ ನೆರಳಿದೆ, ಕೆರೆಯಿದೆ, ಹಲಸು ಬಾಳೆ ಇದೆ, ಪಕ್ಕದಲ್ಲೇ ಭತ್ತದ ಗದ್ದೆ ಇದೆ. ಬರೆಯುತ್ತಾ ಹೋದರೆ ಪುಟದ ಅರ್ಧಕ್ಕೂ ಹೆಚ್ಚು ಅಲ್ಲೇ ಮುಗಿಯಿತು. ಉಳಿದ ಕೊಂಬೆಗಳಿಗೆ ಒಂದೊಂದು ವಾಕ್ಯ. ಉಪಸಂಹಾರಕ್ಕೆ ಸಿಕ್ಕಿದ್ದು ಎರಡು ಗೆರೆ: 'ಆದ್ದರಿಂದ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು.'

ಪದ ಜಾಸ್ತಿಯಾದರೆ ಆಮೇಲೆ ಕತ್ತರಿಸಿದರಾಯಿತು ಅನ್ನುವವರಿದ್ದಾರೆ. ಕಂಪ್ಯೂಟರಿನಲ್ಲಿ ಸರಿ. ಪೆನ್ನಿನಲ್ಲಿ ಬರೆಯುವಾಗ ಕತ್ತರಿ ಬೀಳುವುದು ಇನ್ನೂ ಬರೆಯದಿರುವ ಭಾಗದ ಮೇಲೆ ಮಾತ್ರ. ಅಂದರೆ ಪೀಠಿಕೆಯಲ್ಲಿ ಮಾಡಿದ ದುಂದುವೆಚ್ಚಕ್ಕೆ ದಂಡ ಕಟ್ಟುವುದು ಉಪಸಂಹಾರ. ಅಲ್ಲಲ್ಲಿ ಪದ ಹೊಡೆದು ಹಾಕಿ ಲೆಕ್ಕ ಸರಿ ಮಾಡಬಹುದು, ಆದರೆ ತುಂಬಿದ ಪುಟದಲ್ಲಿ ಕೊನೆಯ ಮಾತಿಗೆ ಜಾಗ ಎಲ್ಲಿಂದ ತರುವುದು? ಸಾಲು ಸಾಲಿನ ಮಧ್ಯೆ ತುರುಕಿ ಬರೆದರೆ ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ.

ಗೆರೆ ಲೆಕ್ಕದಲ್ಲಿ ಈ ಕೊನೆಯ ಮಾತೇ ಮೊದಲು. ರಫ್ ಹಾಳೆಯಲ್ಲಿ ನಾನು ಮೊದಲು ಬರೆದಿದ್ದು ಇದು: 'ಆನೆ ಹಿಡಿದು ಸಾಗಿಸಿದರೆ ಸಾಲದು. ಆನೆ ಎಲ್ಲಿದೆ ಎಂದು ಜನರಿಗೆ ಮುಂಚೆ ತಿಳಿಯಬೇಕು, ನಷ್ಟದ ಹಣ ಬೇಗ ಸಿಗಬೇಕು.' ಇಲ್ಲಿಗೆ ಮುಟ್ಟಬೇಕಾದರೆ ಓದುವವರಿಗೆ ಏನೇನು ಗೊತ್ತಿರಬೇಕು? ಮೂರು ಸಂಗತಿ ಸಾಕು: ಆನೆ ತೋಟಕ್ಕೆ ಯಾಕೆ ಬರುತ್ತದೆ, ಯಾರಿಗೆ ಪೆಟ್ಟು, ಇಲ್ಲಿಯವರೆಗೆ ಏನು ಮಾಡಿ ನೋಡಿದ್ದಾರೆ. ಬೇಲಿ, ಕಂದಕ ಎರಡೂ ಬಿದ್ದುಹೋದವು. ಅವು ನನ್ನ ಕೊನೆಯ ಮಾತಿಗೆ ಬೇಕಾಗಿರಲಿಲ್ಲ.

ಇನ್ನು ಜಾಗ ಹಂಚುವುದು. ನಾನು ಮೊದಲು ಬರೆದಿದ್ದ ಹಾಳೆಯ ಹತ್ತು ಗೆರೆಯ ಪದ ಎಣಿಸಿ ಹತ್ತರಿಂದ ಭಾಗಿಸಿದೆ. ಗೆರೆಗೆ ಸುಮಾರು 6 ಪದ. ಹಾಗಾದರೆ 250 ಪದಕ್ಕೆ 41 ಗೆರೆ. ಪೀಠಿಕೆಗೆ 5, ಕಾರಣಕ್ಕೆ 9, ಪೆಟ್ಟು ತಿನ್ನುವವರಿಗೆ 9, ಮಾಡಿ ನೋಡಿದ್ದಕ್ಕೆ 12, ಉಪಸಂಹಾರಕ್ಕೆ 6. ಮೂರನೆಯ ಸಂಗತಿಗೆ ಜಾಸ್ತಿ ಕೊಟ್ಟಿದ್ದು ಸುಮ್ನೆ ಅಲ್ಲ. 2014ರ ಹೊತ್ತಿಗೆ ಆಲೂರು, ಸಕಲೇಶಪುರ ಕಡೆ 22 ಆನೆ ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ ಅನ್ನುವುದು ಅಲ್ಲೇ ಬರಬೇಕು. ಕೊನೆಯ ಮಾತು ನಿಂತಿರುವುದೇ ಅದರ ಮೇಲೆ. ಉತ್ತರದ ಹಾಳೆಯ ಅಂಚಿನಲ್ಲಿ 5, 14, 23, 35, 41ನೇ ಗೆರೆಗಳ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಚುಕ್ಕೆ ಇಟ್ಟುಕೊಂಡೆ. ಚುಕ್ಕೆ ಬಂತು ಅಂದರೆ ಆ ವಾಕ್ಯ ಮುಗಿಸಿ ಮುಂದಿನ ಭಾಗಕ್ಕೆ ಹೋಗಲೇಬೇಕು. ಪದ ಎಣಿಸುವ ರಗಳೆಯೇ ಇಲ್ಲ. ಮುಗಿದ ಮೇಲೆ ಚುಕ್ಕೆ ಅಳಿಸಿಬಿಡಿ.

ಪೀಠಿಕೆಗೆ ಸಿಕ್ಕಿದ್ದು 30 ಪದ. ಅದರಲ್ಲಿ ಬಂದಿದ್ದು ಹೀಗೆ:

'2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಪ್ರಾಣ ಬಿಟ್ಟಿತು. ಎಂಟು ಬಾರಿ ಅಂಬಾರಿ ಹೊತ್ತ ಆನೆಯೇ ಉಳಿಯದ ಜಾಗದಲ್ಲಿ ಕಾಫಿ ತೋಟದ ಕೆಲಸಗಾರರು ದಿನವೂ ಓಡಾಡುತ್ತಾರೆ. ಅವರನ್ನು ಕಾಪಾಡಲು ಆನೆ ಹಿಡಿಯುವುದೊಂದೇ ದಾರಿಯಲ್ಲ.'

ಮೊದಲ ವಾಕ್ಯ ಒಂದು ಘಟನೆ, ಎರಡನೆಯದು ಅದನ್ನು ಜನರ ಕಡೆ ತಿರುಗಿಸುತ್ತದೆ, ಮೂರನೆಯದು ಪ್ರಬಂಧ ಎಲ್ಲಿಗೆ ಹೊರಟಿದೆ ಎಂದು ಹೇಳುತ್ತದೆ. ಕೊನೆಯ ಮಾತು ಮೊದಲೇ ಗೊತ್ತಿದ್ದರಿಂದ ಮೂರನೆಯ ವಾಕ್ಯಕ್ಕೆ ಯೋಚಿಸಬೇಕಾಗಲಿಲ್ಲ.

ಗೆರೆ ಲೆಕ್ಕದಲ್ಲೂ ಒಂದು ಕಿರಿಕಿರಿ ಇದೆ. ಅಂಚು ಜಾಸ್ತಿ ಬಿಟ್ಟ, ಅಗಲ ಕಮ್ಮಿಯ ಹಾಳೆ ಕೊಟ್ಟರೆ ಗೆರೆಗೆ ಐದೇ ಪದ ಹಿಡಿಯುತ್ತದೆ, 250ಕ್ಕೆ 50 ಗೆರೆ ಬೇಕು. ಹಾಗಾಗಿ ಮೊದಲ ಎರಡು ಮೂರು ಗೆರೆ ಬರೆದ ಕೂಡಲೇ ಒಮ್ಮೆ ಎಣಿಸಿ ನೋಡಿ, ವ್ಯತ್ಯಾಸ ಬಂದರೆ ಚುಕ್ಕೆಗಳನ್ನು ಸರಿಸಿ.

ಚುಕ್ಕೆ ಹತ್ತಿರ ಬಂದು ಮಾತು ಉಳಿದಿದ್ದರೆ ನಾನು ಮೊದಲು ಬಿಡುವುದು ವಾಕ್ಯದ ಬಾಲ. 'ಆನೆಗಳು ತೋಟಕ್ಕೆ ನುಗ್ಗಿ ಬೆಳೆ ಹಾಳು ಮಾಡುತ್ತಿರುವುದನ್ನು ನಾವು ನೋಡಬಹುದಾಗಿದೆ' ಎಂಬುದು 8 ಪದ. 'ಹಾಳು ಮಾಡುತ್ತಿವೆ' ಎಂದು ನಿಲ್ಲಿಸಿದರೆ 6. ಅರ್ಥ ಏನೂ ಕಮ್ಮಿಯಾಗಲಿಲ್ಲ ಅಲ್ವಾ? ಪದ ಉಳಿಸಲು ಎರಡು ಪದ ಅಂಟಿಸಿ ಬರೆಯುವ ಚಾಳಿ ಮಾತ್ರ ಬೇಡ. ಓದುವವರಿಗೆ ಕಣ್ಣು ನೋವು.

ನಾನು ನಿಧಾನವಾಗಿ ಬರೆಯುವವನು, ಎರಡನೇ ಸಲ ಬರೆಯಲು ಸಮಯ ಸಿಗುವುದಿಲ್ಲ. ಅದಕ್ಕೇ ಐದು ನಿಮಿಷ ಯೋಜನೆಗೆ, ಇಪ್ಪತ್ತು ಬರೆಯಲು, ಐದು ಓದಿ ತಿದ್ದಲು. ಕೈ ಚುರುಕಾಗಿದ್ದು ವಿಷಯವೇ ಹೊಳೆಯದವರು ಮೊದಲ ಎರಡು ನಿಮಿಷ ಮರದ ಚಿತ್ರ ಬರೆದು, ಅದರಿಂದ ಮೂರೇ ಕೊಂಬೆ ಆರಿಸಿ ಗೆರೆ ಲೆಕ್ಕಕ್ಕೆ ಬನ್ನಿ. 280 ರೂಪಾಯಿಯ ಗೈಡ್ ಪೂರ್ತಿ ದಂಡವೇನಲ್ಲ. ಅದರ ವಿಷಯಸೂಚಿಯ ಪುಟವನ್ನು ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ, ಒಳಗಿನ ಪ್ರಬಂಧಗಳನ್ನು ತೆರೆಯುವುದಿಲ್ಲ.