ತೋಳಿಗೆ ಕಡ್ಡಿ ಹಾಕಿಸುವ ಮೊದಲು ನನಗೆ ಯಾರೂ ಹೇಳದ ಮಾತು

ಕಳೆದ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ನಾನು ಹೋಗಲಿಲ್ಲ. ಮನೆಯಿಂದ ದೇವಸ್ಥಾನಕ್ಕೆ ಆಟೋದಲ್ಲಿ ಹತ್ತು ನಿಮಿಷ. ವರ್ಷಕ್ಕೊಂದೇ ಸಲ ಸಿಗುವ ದರ್ಶನ. ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕ್ಯೂ ನಿಲ್ಲಲು ಹೊರಟರು. ನಾನು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟೆ. ಅವತ್ತು ನನಗೆ ಮುಟ್ಟಿನ ಹತ್ತೊಂಬತ್ತನೇ ದಿನ.

ಜುಲೈನಲ್ಲಿ ಎಡತೋಳಿಗೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದೆ. ಚರ್ಮದ ಕೆಳಗೆ ಇಡುವ ಮೆತ್ತನೆಯ ಕಡ್ಡಿ ಅದು. ನಾಲ್ಕು ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಯಷ್ಟು ದಪ್ಪ. ಒಳಗಿರುವ ಹಾರ್ಮೋನ್ ದಿನಾ ಸ್ವಲ್ಪ ಸ್ವಲ್ಪ ಹೊರಬರುತ್ತಾ ಮೂರು ವರ್ಷ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ. ಎರಡನೇ ಮಗುವಿಗೆ ಆಗ 14 ತಿಂಗಳು. ಮಾತ್ರೆ ನನಗೆ ಮರೆತುಹೋಗುತ್ತದೆ. ಗರ್ಭಕೋಶದೊಳಗೆ ಇಡುವ ವಂಕಿ ಅಂದರೆ ಭಯ. ಅದಕ್ಕೇ ಇದನ್ನು ಆರಿಸಿಕೊಂಡೆ.

ಹಾಕಿಸಿದ್ದು ಒಂದು ಖಾಸಗಿ ಕ್ಲಿನಿಕ್‌ನಲ್ಲಿ. ಹೆಸರು ಬೇಡ. ಒಳಗೆ ಹೋಗಿ ಹೊರಗೆ ಬರಲು ಹದಿನೈದು ನಿಮಿಷ ಹಿಡಿಯಿತು. "ಇಂಜೆಕ್ಷನ್ ತರಾನೇ ಅಮ್ಮಾ, ಮೂರು ವರ್ಷ ತಲೆನೋವಿಲ್ಲ, ಡೇಟ್ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು" ಅಂದರು. ನನಗೆ ಸಿಕ್ಕ ತಿಳಿವಳಿಕೆ ಅಷ್ಟೇ. ಹೆಚ್ಚುಕಮ್ಮಿ ಅಂದರೆ ನಾಲ್ಕು ದಿನ ಹಿಂದೆ ಮುಂದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಮೊದಲ ತಿಂಗಳು ಆರು ದಿನ ಹೋಗಿ ನಿಂತಿತು. ಒಂಬತ್ತು ದಿನ ಬಿಟ್ಟು ಮತ್ತೆ ಶುರು. ಈ ಸಲ ಹನ್ನೊಂದು ದಿನ. ಗಾಬರಿಯಾಗಿ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಚುಕ್ಕಿ ಇಡತೊಡಗಿದೆ. ತೊಂಬತ್ತು ದಿನಕ್ಕೆ ಎಣಿಸಿದರೆ 47 ಚುಕ್ಕಿ. ಅದರಲ್ಲಿ ನಿಜವಾಗಿ ಪ್ಯಾಡ್ ತುಂಬಿದ್ದು ಎಂಟೋ ಒಂಬತ್ತೋ ದಿನ. ಮಿಕ್ಕ ದಿನಗಳಲ್ಲಿ ಬರೀ ಕಂದು ಕಲೆ. ಆದರೆ ನಮ್ಮ ಮನೆಯಲ್ಲಿ ಕಲೆಗೂ ಲೆಕ್ಕ ಒಂದೇ. ಮುಟ್ಟಾದರೆ ಮೂರು ದಿನ ದೇವರ ಕೋಣೆ ಇಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ನಾಲ್ಕನೇ ದಿನ ತಲೆಸ್ನಾನ. ನನಗೆ ನಾಲ್ಕನೇ ದಿನವೇ ಬರುತ್ತಿರಲಿಲ್ಲ. "ಏನಮ್ಮಾ, ಇನ್ನೂ ನಿಲ್ಲಲಿಲ್ವಾ?" ಅಂತ ಅತ್ತೆ ಕೇಳುವುದು, ನಾನು ತಲೆ ತಗ್ಗಿಸುವುದು. ಅವರು ಕೆಟ್ಟವರಲ್ಲ. ಅವರಿಗೂ ಭಯ.

ಇದು ಯಾಕೆ ಹೀಗೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಬೇರೆ ಡಾಕ್ಟರ್ ಹತ್ತಿರ ಹೋದಾಗ. ಮಾಮೂಲಿ ತಿಂಗಳಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಒಂದೇ ಸಲ ಕಳಚಿ ಹೋಗುತ್ತದೆ. ಅದೇ ಮುಟ್ಟು. ಕಡ್ಡಿ ಇದ್ದಾಗ ಆ ಪದರ ತೆಳುವಾಗಿಯೇ ಉಳಿಯುತ್ತದೆ. ಅದರಲ್ಲಿನ ಸಣ್ಣ ರಕ್ತನಾಳಗಳು ಸೂಕ್ಷ್ಮವಾಗಿರುತ್ತವೆ. ಒಂದು ಕಡೆ ಇವತ್ತು, ಇನ್ನೊಂದು ಕಡೆ ನಾಳಿದ್ದು ಜಿನುಗುತ್ತವೆ. ಹಾಗಾಗಿ ತಿಂಗಳ ಲೆಕ್ಕವೇ ಇರುವುದಿಲ್ಲ. ಐದು ಜನರಲ್ಲಿ ಸುಮಾರು ಒಬ್ಬರಿಗೆ ಮುಟ್ಟು ಪೂರ್ತಿ ನಿಂತೇಹೋಗುತ್ತದೆ. ಕೆಲವರಿಗೆ ಅಪರೂಪಕ್ಕೆ ಬರುತ್ತದೆ. ನನ್ನಂಥವರಿಗೆ ಜಗ್ಗುತ್ತದೆ. ಯಾರಿಗೆ ಯಾವುದು ಅಂತ ಮೊದಲೇ ಹೇಳಲು ಆಗುವುದಿಲ್ಲ. ನಿಂತುಹೋದವರಲ್ಲಿ ರಕ್ತ ಒಳಗೇ ಕಟ್ಟಿಕೊಳ್ಳುವುದೂ ಇಲ್ಲ, ಕಳಚಲು ಪದರವೇ ಬೆಳೆದಿರುವುದಿಲ್ಲ. ಈ ಮಾತನ್ನು ಅತ್ತೆಯ ಎದುರೇ ಹೇಳಿ ಅಂತ ಆ ಡಾಕ್ಟರ್‌ಗೆ ನಾನೇ ಕೇಳಿಕೊಂಡೆ.

ಅವರು ಇನ್ನೊಂದು ಮಾತು ಹೇಳಿದರು. "ಹಾಕುವ ಮುಂಚೆ ನಾನಾಗಿದ್ದರೆ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ. ತಿಂಗಳಲ್ಲಿ ಹದಿನೈದು ದಿನ ಕಲೆ ಕಂಡರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ?" ಆ ಪ್ರಶ್ನೆ ಜುಲೈನಲ್ಲಿ ಬಂದಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಇಲ್ಲವೇ ಮನೆಯವರ ಜೊತೆ ಮಾತಾಡಿ ಆಮೇಲೆ ಹಾಕಿಸಿಕೊಳ್ಳುತ್ತಿದ್ದೆ.

ಆದರೆ ಈ ಡಾಕ್ಟರ್ ಹತ್ತಿರ ಹೋಗುವ ಮೊದಲೇ ನಾನು ಒಂದು ದಡ್ಡ ಕೆಲಸ ಮಾಡಿಬಿಟ್ಟಿದ್ದೆ. ಈ ಬರಹ ಬರೆಯುತ್ತಿರುವುದೇ ಅದಕ್ಕೆ.

ಹಾಸನಾಂಬೆ ದರ್ಶನ ತಪ್ಪಿದ ವಾರವೇ ಇದನ್ನು ಕಿತ್ತುಹಾಕಿಸಲೇಬೇಕು ಅಂತ ಹಟ ಬಂತು. ಹಾಕಿದ ಕ್ಲಿನಿಕ್‌ಗೆ ಫೋನ್ ಮಾಡಿದರೆ "ಸರಿಯಾಗುತ್ತೆ ಬಿಡಿ, ಆರು ತಿಂಗಳು ನೋಡಿ" ಅಂದರು. ಬಂದು ತೋರಿಸಿ ಅಂತ ಹೇಳಲಿಲ್ಲ. ಪಕ್ಕದ ಬೀದಿಯಲ್ಲಿ ಸಣ್ಣಪುಟ್ಟ ಗಾಯಕ್ಕೆ ಹೊಲಿಗೆ ಹಾಕುವ ಒಬ್ಬರಿದ್ದಾರೆ. "ಅದೇನು ಮಹಾ, ತೆಗೆದುಬಿಡೋಣ" ಅಂದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದು ಇಂಚಿನ ಹತ್ತಿರ ಕುಯ್ದು, ಇಕ್ಕಳದಲ್ಲಿ ಹುಡುಕಿದರು. ಮುಕ್ಕಾಲು ಗಂಟೆ! ಮಧ್ಯೆ ಇಂಜೆಕ್ಷನ್ ಶಕ್ತಿ ಇಳಿಯಿತು. ಕಿರುಬೆರಳಿಗೆ ಕರೆಂಟ್ ಹೊಡೆದ ಹಾಗೆ ಚುಳ್ ಅಂದಾಗ ನಾನು ಕಿರುಚಿದೆ. ಅವರು ಹೆದರಿ ಹೊಲಿಗೆ ಹಾಕಿ ಕಳಿಸಿದರು. ಕಡ್ಡಿ ಸಿಗಲಿಲ್ಲ.

ತೋಳಿನ ಒಳಭಾಗದಲ್ಲಿ ಕೈ ಬೆರಳುಗಳಿಗೆ ಹೋಗುವ ನರ, ರಕ್ತನಾಳ ಇವೆ. ಕಡ್ಡಿ ಸರಿಯಾಗಿ ಚರ್ಮದ ಕೆಳಗೇ ಇದ್ದರೆ ಅವುಗಳ ಗೊಡವೆ ಇಲ್ಲ. ಆಳಕ್ಕೆ ಹೋಗಿದ್ದರೆ, ಎಲ್ಲಿದೆ ಅಂತ ಗೊತ್ತಿಲ್ಲದೆ ಅಲ್ಲಿ ಇಕ್ಕಳ ಆಡಿಸುವುದು ಅಪಾಯ. ನನ್ನ ಕಿರುಬೆರಳು ಮೂರು ವಾರ ಜುಮ್ಮೆನ್ನುತ್ತಿತ್ತು.

ಆಮೇಲೆ ಹೋಗಿದ್ದು ದೊಡ್ಡ ಆಸ್ಪತ್ರೆಗೆ. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಹಾಕಿದ ದಿನ ನೀವು ಬೆರಳಲ್ಲಿ ಮುಟ್ಟಿ ನೋಡಿದ್ರಾ?" ಇಲ್ಲ. ಯಾರೂ ನೋಡು ಅನ್ನಲಿಲ್ಲ. ಬ್ಯಾಂಡೇಜ್ ಸುತ್ತಿ ಕಳಿಸಿದ್ದರು. ಹಾಕಿದ ಕೂಡಲೇ ಡಾಕ್ಟರೂ ಮುಟ್ಟಿ ನೋಡಬೇಕು, ನಾವೂ ಮುಟ್ಟಿ ನೋಡಬೇಕಂತೆ. ಕಡ್ಡಿಯ ಎರಡೂ ತುದಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಒಂದೋ ಆಳಕ್ಕೆ ಹೋಗಿದೆ, ಇಲ್ಲವೇ ಒಳಗೆ ಹೋಗಿಯೇ ಇಲ್ಲ. ಎಲ್ಲಿದೆ ಅಂತ ಖಚಿತವಾಗುವ ತನಕ ಕಾಂಡೋಮ್ ಬಳಸಬೇಕು. ಯಾವ ತೋಳು, ಯಾವ ದಿನ ಹಾಕಿದ್ದು, ಯಾವಾಗ ತೆಗೆಯಬೇಕು ಅಂತ ಬರೆದ ಒಂದು ಕಾರ್ಡ್ ಕೂಡ ಕೊಡಬೇಕು. ನನ್ನ ಹತ್ತಿರ ಇದ್ದದ್ದು ಬಿಲ್ ಮಾತ್ರ.

ತೋಳಿಗೆ ಸ್ಕ್ಯಾನಿಂಗ್ ಮಾಡಿದಾಗ ಕಡ್ಡಿ ಕಂಡಿತು. ಚರ್ಮದ ಕೆಳಗಿನ ಕೊಬ್ಬು ದಾಟಿ ಮಾಂಸಖಂಡದ ಮೇಲೆ ಮಲಗಿತ್ತು. ಈಗ ಬರುವ ಕಡ್ಡಿಗಳು ಎಕ್ಸ್‌ರೇಯಲ್ಲೂ ಕಾಣುತ್ತವಂತೆ. ಕೈಗೆ ಸಿಗದ ಕಡ್ಡಿಯನ್ನು ಹೀಗೆ ಪತ್ತೆ ಮಾಡದೆ ಯಾರೂ ಬ್ಲೇಡ್ ಇಡಬಾರದು.

ತೆಗೆಯುವ ಮುಂಚೆ ಆ ಡಾಕ್ಟರ್ ನನ್ನನ್ನು ಕೂರಿಸಿ ಮಾತಾಡಿದರು. ಜಗ್ಗುವ ರಕ್ತಸ್ರಾವಕ್ಕೆಲ್ಲ ಕಡ್ಡಿಯೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಬಾರದಂತೆ. ಮೂತ್ರ ಪರೀಕ್ಷೆ ಮಾಡಿ ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡರು. ಒಳಗೆ ಪರೀಕ್ಷೆ ಮಾಡಿ ಸೋಂಕು, ಗರ್ಭಕೋಶದ ಬಾಯಿಯಲ್ಲಿ ಹುಣ್ಣು ಏನಾದರೂ ಇದೆಯಾ ನೋಡಿದರು. ಏನೂ ಇರಲಿಲ್ಲ. ಹಿಮೋಗ್ಲೋಬಿನ್ 10.2 ಇತ್ತು. "ಇಷ್ಟು ಕಲೆಯಿಂದಲೇ ಇದು ಇಳಿದಿರಲಾರದು, ಹೆರಿಗೆಯಾದ ಮೇಲೆ ಕಬ್ಬಿಣದ ಮಾತ್ರೆ ತಗೊಂಡ್ರಾ?" ಅಂದರು. ತಗೊಂಡಿರಲಿಲ್ಲ. ಅದು ನನ್ನ ತಪ್ಪು.

ಆಮೇಲೆ ಮೆಫೆನಮಿಕ್ ಆಸಿಡ್ ಮಾತ್ರೆ, 500 ಮಿಲಿಗ್ರಾಂ, ದಿನಕ್ಕೆ ಮೂರು, ಊಟವಾದ ಮೇಲೆ, ಐದು ದಿನ ಕೊಟ್ಟರು. ಮೂರನೇ ದಿನಕ್ಕೆ ನಿಂತಿತು! ಹನ್ನೆರಡು ದಿನ ಆರಾಮಾಗಿದ್ದೆ. ಮತ್ತೆ ಶುರುವಾಯಿತು. ಈ ಮಾತ್ರೆ ಆ ಹೊತ್ತಿನ ಜಿನುಗುವಿಕೆಯನ್ನು ನಿಲ್ಲಿಸುತ್ತದೆಯೇ ಹೊರತು ಮುಂದೆ ಬಾರದ ಹಾಗೆ ಮಾಡುವುದಿಲ್ಲ. ಗರ್ಭನಿರೋಧಕ ಮಾತ್ರೆಯನ್ನೇ ಒಂದೆರಡು ತಿಂಗಳು ಜೊತೆಗೆ ಕೊಡುವುದೂ ಇದೆ. ಆದರೆ ಬಿಪಿ ಇರುವವರಿಗೆ, ಕಣ್ಣ ಮುಂದೆ ಮಿಂಚು ಕಂಡು ತಲೆನೋವು ಬರುವವರಿಗೆ, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರಿಗೆ ಅದು ಆಗದು. ದಯವಿಟ್ಟು ನನ್ನ ಚೀಟಿ ನೋಡಿ ಮೆಡಿಕಲ್ ಶಾಪ್‌ನಿಂದ ತಂದುಕೊಳ್ಳಬೇಡಿ.

ಮೊದಲ ಮೂರು ತಿಂಗಳು ಹೇಗಿರುತ್ತದೋ ಮುಂದೆಯೂ ಹೆಚ್ಚುಕಡಿಮೆ ಹಾಗೇ ಅಂತ ಡಾಕ್ಟರ್ ಹೇಳಿದರು. ಚೆನ್ನಾಗಿದ್ದವರಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಮುಂದುವರಿಯುತ್ತದೆ. ನನ್ನಂತೆ ಶುರುವಾದವರಲ್ಲಿ ಸುಮಾರು ಅರ್ಧ ಜನರಿಗೆ ಕಡಿಮೆಯಾಗುತ್ತದೆ. "ಕಾಯ್ತೀರಾ, ತೆಗೀಲಾ? ಎರಡೂ ಸರಿ" ಅಂದರು. ಬೇಸತ್ತಿದ್ದೇ ಸಾಕಷ್ಟು ಕಾರಣ, ಯಾರ ಒಪ್ಪಿಗೆಯೂ ಬೇಡ ಅಂತ ನನಗೆ ಅರ್ಥವಾಗಿದ್ದು ಆಗಲೇ. ಜಾಂಡೀಸ್ ಬಂದರೆ, ಸ್ತನದಲ್ಲಿ ಕ್ಯಾನ್ಸರ್ ಪತ್ತೆಯಾದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಾಯುವ ಮಾತಿಲ್ಲ, ಕೂಡಲೇ ತೋರಿಸಬೇಕು. ಗಂಟೆಗೊಂದು ಪ್ಯಾಡ್ ತುಂಬುವಷ್ಟು ಹೋದರೂ, ಹೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು ಬಂದರೂ ಅಷ್ಟೇ.

ನಾನು ತೆಗೆಸಿದೆ. ಈ ಸಲ ಸ್ಕ್ಯಾನಿಂಗ್ ಹಿಡಿದುಕೊಂಡೇ, ಮೊದಲೇ ಗುರುತು ಹಾಕಿಕೊಂಡು. ಇಪ್ಪತ್ತು ನಿಮಿಷ ಹಿಡಿಯಿತು. ಬೆರಳಿಗೆ ಸಿಗುವ ಕಡ್ಡಿಯಾಗಿದ್ದರೆ ಒಂದು ತುದಿ ಒತ್ತಿ, ಇನ್ನೊಂದು ತುದಿಯ ಹತ್ತಿರ ಎರಡು ಮಿಲಿಮೀಟರ್ ಕುಯ್ದರೆ ಸಾಕಂತೆ, ಕೆಲವೇ ನಿಮಿಷದ ಕೆಲಸ. ಹೊರತೆಗೆದ ಕಡ್ಡಿಯನ್ನು ಸ್ಕೇಲ್ ಪಕ್ಕ ಇಟ್ಟು ಅಳೆದು ತೋರಿಸಿದರು. ಪೂರ್ತಿ ನಾಲ್ಕು ಸೆಂಟಿಮೀಟರ್. ತುಂಡು ಒಳಗೆ ಉಳಿದಿಲ್ಲ ಅಂತ ನೋಡುವುದು ಹಾಗೆ. ಹಾರ್ಮೋನ್ ಒಂದು ವಾರದಲ್ಲಿ ಮೈಯಿಂದ ಹೋಗಿಬಿಡುತ್ತದೆ, ಅದಕ್ಕೇ ಅವತ್ತಿನಿಂದಲೇ ಕಾಂಡೋಮ್ ಶುರುಮಾಡಿ ಅಂದರು.

ಕಡ್ಡಿಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ಎದುರುಮನೆಯಾಕೆ ಎರಡು ವರ್ಷದಿಂದ ಹಾಕಿಸಿಕೊಂಡು ಮುಟ್ಟೇ ಇಲ್ಲದೆ ನೆಮ್ಮದಿಯಾಗಿದ್ದಾಳೆ. ಈಗ ಬೇಲೂರಿನಲ್ಲಿರುವ ನನ್ನ ಓರಗಿತ್ತಿಗೂ ಹಾಕಿಸಬೇಕು ಅಂತ ಮಾತು ನಡೆದಿದೆ. ಅವಳು ಫಿಟ್ಸ್‌ಗೆ ಕಾರ್ಬಮಜೆಪಿನ್ ಮಾತ್ರೆ ನುಂಗುತ್ತಾಳೆ. ಆ ಮಾತ್ರೆ ಕಡ್ಡಿಯ ಕೆಲಸವನ್ನೇ ಕೆಡಿಸುತ್ತದೆ, ಗರ್ಭ ನಿಲ್ಲಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಹಾಗೇ. ಇದನ್ನು ಅವಳಿಗೆ ಇನ್ನೂ ಯಾರೂ ಕೇಳಿಲ್ಲ. ಶನಿವಾರ ಬಸ್ ಹತ್ತಿ ನಾನೇ ಹೋಗುತ್ತಿದ್ದೇನೆ. ಮಾತ್ರೆಯ ಚೀಟಿ ತೆಗೆದಿಟ್ಟುಕೊಂಡಿರು ಅಂತ ಫೋನ್‌ನಲ್ಲಿ ಹೇಳಿದ್ದೇನೆ.